ವರ್ಣಾಂಧರಿಗೂ ಕಪ್ಪು-ಬಿಳುಪು ಮುದ್ರಣಕ್ಕೂ ಹೊಂದುವ ಬಣ್ಣಗಳ ಆಯ್ಕೆ

ವರ್ಣಾಂಧರಿಗೂ ಕಪ್ಪು-ಬಿಳುಪು ಮುದ್ರಣಕ್ಕೂ ಹೊಂದುವ ಬಣ್ಣಗಳ ಆಯ್ಕೆ ಎಂಬುದು ಭೂಪಟ, ಗ್ರಾಫ್ ಮತ್ತು ಚಿತ್ರಪಟಗಳನ್ನು ಸಿದ್ಧಪಡಿಸುವಾಗ ಅನುಸರಿಸುವ ಒಂದು ಕ್ರಮ. ಕೆಂಪು-ಹಸಿರುಗಳ ಭೇದ ಕಾಣದವರೂ ಆ ಚಿತ್ರವನ್ನು ಓದಬಲ್ಲಂತಿರಬೇಕು, ಅದರ ಜೆರಾಕ್ಸ್ ಪ್ರತಿಯಲ್ಲಿಯೂ ಅರ್ಥ ಉಳಿಯಬೇಕು ಎಂಬುದು ಇದರ ಉದ್ದೇಶ. ಇವೆರಡು ಬೇರೆ ಬೇರೆ ಸಮಸ್ಯೆಗಳಾದರೂ ಪರಿಹಾರದ ಬಹುಪಾಲು ಒಂದೇ ಆಗಿದೆ. ಅಳತೆಯ ಹೆಚ್ಚು-ಕಡಿಮೆಯನ್ನು ಬಣ್ಣದ ಹೆಸರಿನಿಂದಲ್ಲದೆ, ಅದು ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದರಿಂದ ತೋರಿಸಬೇಕು. ಈ ಲೇಖನದಲ್ಲಿ ತಿಳಿ-ಗಾಢಗಳ ಈ ಅಳತೆಯನ್ನು 'ಬೆಳಕಿನ ಮಟ್ಟ' ಎಂದು ಕರೆಯಲಾಗಿದೆ.

## ಹಿನ್ನೆಲೆ

ಮನುಷ್ಯನ ಅಕ್ಷಿಪಟಲದಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಅವು ಕ್ರಮವಾಗಿ ಬೆಳಕಿನ ದೀರ್ಘ, ಮಧ್ಯಮ ಮತ್ತು ಹ್ರಸ್ವ ತರಂಗಗಳಿಗೆ ಹೆಚ್ಚು ಸ್ಪಂದಿಸುತ್ತವೆ. ದೀರ್ಘ ತರಂಗದ ಕೋಶಗಳು ಇಲ್ಲದಿರುವ ಸ್ಥಿತಿಗೆ ಪ್ರೋಟನೋಪಿಯ ಎಂದೂ, ಮಧ್ಯಮ ತರಂಗದವು ಇಲ್ಲದಿರುವುದಕ್ಕೆ ಡ್ಯೂಟೆರನೋಪಿಯ ಎಂದೂ ಹೆಸರು. ಎರಡರಲ್ಲಿಯೂ ಕೆಂಪು, ಹಸಿರು, ಕಂದು, ಕಿತ್ತಳೆಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಕೋಶಗಳು ಇದ್ದೂ ಅವುಗಳ ಸ್ಪಂದನೆ ಬದಲಾಗಿರುವ ಸೌಮ್ಯ ರೂಪಗಳೇ ಹೆಚ್ಚು ಸಾಮಾನ್ಯ. ಈ ಕೋಶಗಳ ವರ್ಣದ್ರವ್ಯವನ್ನು ನಿರ್ಧರಿಸುವ ಜೀನ್‌ಗಳು ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಈ ದೋಷ ಪುರುಷರಲ್ಲಿ ಹೆಚ್ಚು. ಉತ್ತರ ಯೂರೋಪ್ ಮೂಲದವರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿ ಪುರುಷರಲ್ಲಿ ಇದು ಕಂಡುಬರುತ್ತದೆ; ಬೇರೆ ಹಲವು ಜನಸಮುದಾಯಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ನೀಲಿ-ಹಳದಿಗಳ ಭೇದ ಕಾಣದಿರುವ ಟ್ರೈಟನೋಪಿಯ ಬಹಳ ಅಪರೂಪ. ಬಣ್ಣವೇ ಕಾಣದ ಸಂಪೂರ್ಣ ವರ್ಣಾಂಧತೆ ಕೂಡ ಅಪರೂಪವೇ. 'ವರ್ಣಾಂಧ' ಎಂಬ ಪದ ಈ ಕಾರಣದಿಂದ ಕೊಂಚ ದಾರಿ ತಪ್ಪಿಸುವಂಥದು. ಆ ಹೆಸರಿನಿಂದ ಕರೆಯಲ್ಪಡುವ ಹೆಚ್ಚಿನವರಿಗೆ ನೀಲಿಯೂ ಹಳದಿಯೂ ಸ್ಪಷ್ಟವಾಗಿಯೇ ಕಾಣುತ್ತವೆ.

ಈ ದೋಷವನ್ನು ಮೊದಲು ವಿವರವಾಗಿ ದಾಖಲಿಸಿದವರಲ್ಲಿ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಪ್ರಮುಖರು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಭೆಯೊಂದರಲ್ಲಿ ಅವರು ತಮ್ಮ ದೃಷ್ಟಿಯ ವಿಷಯವಾಗಿ ಪ್ರಬಂಧ ಓದಿದರು. ಮುದ್ರೆಯೊತ್ತುವ ಕೆಂಪು ಅರಗು ಮತ್ತು ಲಾರೆಲ್ ಗಿಡದ ಹಸಿರೆಲೆ ತಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಬಣ್ಣವೆಂದು ಅವರು ಬರೆದಿದ್ದಾರೆ. ತಮ್ಮ ಕಣ್ಣೊಳಗಿನ ದ್ರವವೇ ನೀಲಿಯಾಗಿರಬೇಕೆಂದು ಅವರು ಊಹಿಸಿದ್ದರು. ಮರಣಾನಂತರದ ಪರೀಕ್ಷೆಯಲ್ಲಿ ಅದು ಸುಳ್ಳಾಯಿತು. ಕಾಪಿಟ್ಟಿದ್ದ ಅವರ ಕಣ್ಣಿನ ಅಂಶದ ಡಿಎನ್‌ಎ ಪರೀಕ್ಷೆ 1995ರಲ್ಲಿ ನಡೆದಾಗ ಅವರಿಗಿದ್ದದ್ದು ಡ್ಯೂಟೆರನೋಪಿಯ ಎಂದು ತಿಳಿದುಬಂತು.

ಕೆಂಪು ಅರಗು ಮತ್ತು ಹಸಿರೆಲೆಯ ಈ ಜೋಡಿಯೇ ಇಂದಿಗೂ ಭೂಪಟಗಳಲ್ಲಿ ತೊಂದರೆ ಕೊಡುವ ಜೋಡಿ. ಕೊರತೆಗೆ ಕೆಂಪು, ಸಮೃದ್ಧಿಗೆ ಹಸಿರು ಎಂಬ ರೂಢಿ ಬಲವಾಗಿರುವುದರಿಂದ ಮಳೆ, ಬೆಳೆ, ಸಾಕ್ಷರತೆ ಇವೆಲ್ಲವುಗಳ ನಕ್ಷೆಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

## ಬೆಳಕಿನ ಮಟ್ಟದ ಲೆಕ್ಕ

ಕಪ್ಪು-ಬಿಳುಪು ಪ್ರತಿಯಲ್ಲಿ ಬಣ್ಣವೆಲ್ಲ ಬೂದಿಯಾಗುತ್ತದೆ. ಯಾವ ಬಣ್ಣ ಎಷ್ಟು ತಿಳಿಯಾದ ಬೂದಿಯಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಪರದೆಯ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಕಣ್ಣು ಈ ಮೂರಕ್ಕೂ ಸಮಾನ ತೂಕ ಕೊಡುವುದಿಲ್ಲ:

```
Y = 0.2126 R + 0.7152 G + 0.0722 B
```

ಇಲ್ಲಿ R, G, B ಎಂಬುವು ಬಣ್ಣದ ಸಂಕೇತದಲ್ಲಿ ಬರೆದ 0ರಿಂದ 255ರ ವರೆಗಿನ ಅಂಕಿಗಳಲ್ಲ; ಅವುಗಳಿಂದ ಪರಿವರ್ತಿಸಿ ಪಡೆದ, 0ಯಿಂದ 1ರ ನಡುವಿನ ನಿಜವಾದ ಬೆಳಕಿನ ಪ್ರಮಾಣಗಳು. ಸೂತ್ರದ ಸಾರ ಸರಳವಾಗಿದೆ. ಹಸಿರಿನ ಪಾಲು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು, ನೀಲಿಯದು ಏಳರಷ್ಟು ಮಾತ್ರ. Yಯನ್ನು ಕಣ್ಣಿಗೆ ತೋರುವ ಅಂತರಕ್ಕೆ ಹೊಂದಿಸಿ 0ಯಿಂದ (ಕಪ್ಪು) 100ರ ವರೆಗಿನ (ಬಿಳುಪು) ಮಾಪಕಕ್ಕೆ ತಂದಾಗ ದೊರೆಯುವ ಬೆಲೆಗೆ L* ಎಂದು ಹೆಸರು. 1976ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಇದನ್ನು ನಿಗದಿಗೊಳಿಸಿತು. ಬಣ್ಣದ ಸಂಕೇತ ಕೊಟ್ಟರೆ L* ತಿಳಿಸುವ ಸಾಧನಗಳು ಅಂತರಜಾಲದಲ್ಲಿ ಧಾರಾಳವಾಗಿವೆ, ಕೈಲೆಕ್ಕದ ಅಗತ್ಯವಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಅನೇಕ ತಂತ್ರಾಂಶಗಳಲ್ಲಿ ಬಣ್ಣ ಆರಿಸುವ ಕಿಟಕಿಯಲ್ಲಿ HSL ಎಂಬ ಮಾಪಕವಿರುತ್ತದೆ. ಅದರ L ಈ ಬೆಳಕಿನ ಮಟ್ಟವಲ್ಲ. ಅಪ್ಪಟ ಹಳದಿ (#ffff00) ಮತ್ತು ಅಪ್ಪಟ ನೀಲಿ (#0000ff) ಎರಡಕ್ಕೂ ಅದು 50 ಎಂದೇ ತೋರಿಸುತ್ತದೆ. L* ಮಾಪಕದಲ್ಲಿ ಹಳದಿಗೆ 97, ನೀಲಿಗೆ 32. ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಬರೆದು ನೋಡಿದವರಿಗೆ ಯಾವ ಅಂಕಿ ನಿಜವೆಂದು ಹೇಳಬೇಕಾಗಿಲ್ಲ.

## ಒಂದು ಉದಾಹರಣೆ: ಕರ್ನಾಟಕದ ಮಳೆಯ ನಕ್ಷೆ

ಕರ್ನಾಟಕದ ಜಿಲ್ಲಾವಾರು ವಾರ್ಷಿಕ ಮಳೆಯನ್ನು ಐದು ವರ್ಗಗಳಲ್ಲಿ ತೋರಿಸುವ ನಕ್ಷೆಯೊಂದನ್ನು ತೆಗೆದುಕೊಳ್ಳಬಹುದು. 650 ಮಿ.ಮೀ.ಗಿಂತ ಕಡಿಮೆ, 650–900, 900–1,500, 1,500–3,000, ಮತ್ತು 3,000ಕ್ಕಿಂತ ಹೆಚ್ಚು ಎಂಬುವು ಆ ವರ್ಗಗಳಾಗಿರಲಿ. ವಿಜಯಪುರ, ಬಾಗಲಕೋಟೆ, ಚಿತ್ರದುರ್ಗಗಳು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಕೊಡಗು, ಶಿವಮೊಗ್ಗಗಳು ನಾಲ್ಕನೆಯದಕ್ಕೆ. ಉಡುಪಿ, ದಕ್ಷಿಣ ಕನ್ನಡಗಳು ಕೊನೆಯದಕ್ಕೆ.

ಇಂಥ ನಕ್ಷೆಗೆ ಬಹುಮಂದಿ ಆರಿಸುವುದು ಕೆಂಪಿನಿಂದ ಹಳದಿಯ ಮೂಲಕ ಹಸಿರಿಗೆ ಸಾಗುವ ಶ್ರೇಣಿಯನ್ನು. ಅದರ ಪಕ್ಕದಲ್ಲಿ, ಹಳದಿಯಿಂದ ಹಸಿರಿನ ಮೂಲಕ ಗಾಢ ನೀಲಿಗೆ ಇಳಿಯುವ ಇನ್ನೊಂದು ಶ್ರೇಣಿಯನ್ನಿಟ್ಟು ಎರಡರ L* ಬೆಲೆಗಳನ್ನು ಹೋಲಿಸಿದರೆ ಹೀಗಿದೆ:

| ವರ್ಗ (ಮಿ.ಮೀ.) | ಕೆಂಪು–ಹಳದಿ–ಹಸಿರು | L* | ಹಳದಿ–ಹಸಿರು–ನೀಲಿ | L* |
|---|---|---|---|---|
| 650ಕ್ಕಿಂತ ಕಡಿಮೆ | #d7191c | 46 | #ffffcc | 99 |
| 650–900 | #fdae61 | 77 | #a1dab4 | 82 |
| 900–1,500 | #ffffbf | 99 | #41b6c4 | 68 |
| 1,500–3,000 | #a6d96a | 81 | #2c7fb8 | 51 |
| 3,000ಕ್ಕಿಂತ ಹೆಚ್ಚು | #1a9641 | 54 | #253494 | 27 |

ಮೊದಲ ಶ್ರೇಣಿಯಲ್ಲಿ ಬೆಳಕಿನ ಮಟ್ಟ 46ರಿಂದ 99ಕ್ಕೆ ಏರಿ ಮತ್ತೆ 54ಕ್ಕೆ ಇಳಿಯುತ್ತದೆ. ಜೆರಾಕ್ಸ್ ಮಾಡಿದಾಗ ಅತ್ಯಂತ ಒಣ ಜಿಲ್ಲೆಗಳೂ ಅತ್ಯಂತ ಹೆಚ್ಚು ಮಳೆ ಬೀಳುವ ಜಿಲ್ಲೆಗಳೂ ಸುಮಾರಾಗಿ ಒಂದೇ ಗಾಢ ಬೂದಿಯಾಗುತ್ತವೆ. ಎರಡನೆಯ ಮತ್ತು ನಾಲ್ಕನೆಯ ವರ್ಗಗಳ ನಡುವೆ ಉಳಿಯುವುದು ನಾಲ್ಕೇ ಅಂಶಗಳ ಅಂತರ; ಅದನ್ನು ಗುರುತಿಸುವುದು ಒಳ್ಳೆಯ ಕಣ್ಣಿಗೂ ಕಷ್ಟ. ಪರಿಣಾಮವಾಗಿ ಚಿತ್ರದುರ್ಗಕ್ಕೂ ಉಡುಪಿಗೂ ಒಂದೇ ಮಳೆ ಎಂದು ನಕ್ಷೆ ಹೇಳತೊಡಗುತ್ತದೆ. ಪ್ರತಿ ಕೆಟ್ಟಿದ್ದರೆ ಓದುಗ ಅದನ್ನು ಬದಿಗಿಡುತ್ತಾನೆ. ಇಲ್ಲಿ ಪ್ರತಿ ಸ್ವಚ್ಛವಾಗಿಯೇ ಕಾಣುವುದರಿಂದ ತಪ್ಪು ಉತ್ತರವನ್ನು ನಿಶ್ಚಿಂತೆಯಿಂದ ಬರೆದುಕೊಳ್ಳುತ್ತಾನೆ.

ಡ್ಯೂಟೆರನೋಪಿಯ ಇರುವವರಿಗೆ ಬಣ್ಣದ ಮೂಲಪ್ರತಿಯಲ್ಲಿಯೇ ಹೆಚ್ಚುಕಡಿಮೆ ಇದೇ ಗತಿ. ತುದಿಯ ಕೆಂಪು ಮತ್ತು ತುದಿಯ ಹಸಿರು ಎರಡೂ ಕಂದು ಮಿಶ್ರಿತ ಹಳದಿಯ ಛಾಯೆಗಳಾಗಿ ಹತ್ತಿರವಾಗುತ್ತವೆ. ಪ್ರೋಟನೋಪಿಯದಲ್ಲಿ ಇನ್ನೊಂದು ವಿಶೇಷವಿದೆ. ದೀರ್ಘ ತರಂಗದ ಕೋಶಗಳು ಇಲ್ಲದಿರುವುದರಿಂದ ಕೆಂಪು ಬಣ್ಣ ಮಸುಕಾಗುವುದಷ್ಟೇ ಅಲ್ಲ, ತೀರಾ ಗಾಢವಾಗಿಯೂ ಕಾಣುತ್ತದೆ. ಮೇಲಿನ ಸೂತ್ರ ಸಾಮಾನ್ಯ ದೃಷ್ಟಿಯನ್ನು ಆಧರಿಸಿದ್ದಾದ್ದರಿಂದ ಅವರ ಪಾಲಿಗೆ ಕೆಂಪಿನ L* ಬೆಲೆ ನಿಜಕ್ಕಿಂತ ಹೆಚ್ಚು. ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಅವರಿಗೆ ಕಾಣದೇ ಹೋಗುವುದು ಇದರಿಂದಲೇ.

ಎರಡನೆಯ ಶ್ರೇಣಿಯಲ್ಲಿ ಬೆಲೆಗಳು 99, 82, 68, 51, 27 ಎಂದು ಒಂದೇ ದಿಕ್ಕಿನಲ್ಲಿ ಇಳಿಯುತ್ತವೆ. ಅತಿ ಚಿಕ್ಕ ಅಂತರವೂ ಹದಿನಾಲ್ಕು. ಬಣ್ಣ ಸಂಪೂರ್ಣ ಅಳಿದರೂ 'ಗಾಢವಾದಷ್ಟೂ ಮಳೆ ಹೆಚ್ಚು' ಎಂಬ ಅರ್ಥ ಉಳಿಯುತ್ತದೆ. ಹಳದಿ-ನೀಲಿಗಳ ಭೇದ ಕೆಂಪು-ಹಸಿರು ದೋಷದಲ್ಲಿ ಕೆಡದಿರುವುದರಿಂದ ವರ್ಣಾಂಧರಿಗೆ ಬಣ್ಣದ ನೆರವೂ ಸಿಗುತ್ತದೆ. ಮೇಲಿನ ಎರಡು ಶ್ರೇಣಿಗಳೂ ColorBrewer ಎಂಬ ಸಂಗ್ರಹದವು. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞೆ ಸಿಂಥಿಯಾ ಬ್ರೂವರ್ ಅವರು ಮಾರ್ಕ್ ಹ್ಯಾರೋವರ್ ಅವರೊಂದಿಗೆ ಭೂಪಟ ರಚಿಸುವವರಿಗಾಗಿ ಇದನ್ನು ರೂಪಿಸಿದರು. colorbrewer2.org ತಾಣದಲ್ಲಿ `colorblind safe` ಮತ್ತು `photocopy safe` ಎಂಬ ಎರಡು ಚೌಕಗಳಿಗೆ ಪ್ರತ್ಯೇಕವಾಗಿ ಗುರುತು ಹಾಕಬಹುದು. ಎರಡಕ್ಕೂ ಗುರುತು ಹಾಕಿ ವರ್ಗಗಳ ಸಂಖ್ಯೆಯನ್ನು ಹೆಚ್ಚಿಸುತ್ತಾ ಹೋದರೆ ಉಳಿಯುವ ಶ್ರೇಣಿಗಳು ಬೇಗನೆ ಕರಗುತ್ತವೆ. ಜೆರಾಕ್ಸ್‌ನ ಅರ್ಹತೆಯನ್ನು ಆ ತಾಣ ಕಟ್ಟುನಿಟ್ಟಾಗಿ ಅಳೆಯುತ್ತದೆ. ಐದು ವರ್ಗಗಳ ನಕ್ಷೆಯನ್ನು ಅನೇಕ ಬಾರಿ ಪ್ರತಿ ತೆಗೆಯುವ ಸಂಭವವಿದ್ದರೆ ಮೂರು ಇಲ್ಲವೇ ನಾಲ್ಕು ವರ್ಗಗಳಿಗೆ ಇಳಿಸುವುದೇ ಕ್ಷೇಮ.

## ಕಾಗದದ ಮೇಲೆ ಆಗುವ ವ್ಯತ್ಯಾಸ

ಲೆಕ್ಕದಲ್ಲಿ ಸರಿಯಿದ್ದ ಶ್ರೇಣಿ ಕಾಗದದ ಮೇಲೆ ಕೆಡುವುದುಂಟು. ಲೇಸರ್ ಮುದ್ರಕದಲ್ಲಿ ಬೂದು ಬಣ್ಣದ ಪುಡಿ ಇರುವುದಿಲ್ಲ. ಕಪ್ಪು ಚುಕ್ಕೆಗಳನ್ನು ಒತ್ತಾಗಿ ಅಥವಾ ವಿರಳವಾಗಿ ಹರಡಿ ಅದು ಬೂದಿಯ ಭ್ರಮೆ ಹುಟ್ಟಿಸುತ್ತದೆ. ಆ ಹಾಳೆಯನ್ನು ಜೆರಾಕ್ಸ್ ಮಾಡಿದಾಗ ವಿರಳ ಚುಕ್ಕೆಗಳು ಉದುರಿಹೋಗುತ್ತವೆ, ಒತ್ತಾದವು ಒಂದಕ್ಕೊಂದು ಕೂಡಿಕೊಂಡು ಕಪ್ಪಾಗುತ್ತವೆ. ಪ್ರತಿಯ ಪ್ರತಿಯಲ್ಲಿ ಇದು ಇನ್ನೂ ಹೆಚ್ಚು. ಹೀಗೆ ಶ್ರೇಣಿಯ ಎರಡು ತುದಿಗಳೂ ಮೊದಲು ನಾಶವಾಗಿ, ನಡುವಿನ ಬೂದಿಗಳಷ್ಟೇ ನಂಬಿಕೆಗೆ ಉಳಿಯುತ್ತವೆ.

ಮೇಲಿನ ಉದಾಹರಣೆಯಲ್ಲಿ 99ರ ತಿಳಿ ಹಳದಿ ಕಾಗದದ ಬಿಳುಪಿನಲ್ಲಿ ಬೆರೆತುಹೋಗುತ್ತದೆ. ಜಿಲ್ಲೆಗಳ ಗಡಿಗೆ ತೆಳುವಾದ ಕಪ್ಪು ರೇಖೆಯಿದ್ದರೆ ಇದರಿಂದ ನಷ್ಟವಿಲ್ಲ, ಏಕೆಂದರೆ 'ಬಣ್ಣವಿಲ್ಲದ ಜಿಲ್ಲೆ' ಎಂಬುದೇ ಕಡಿಮೆ ಮಳೆಯ ಗುರುತಾಗುತ್ತದೆ. ಆದರೆ ಮಾಹಿತಿ ದೊರೆಯದ ಜಿಲ್ಲೆಗಳನ್ನೂ ಬಿಳಿಯಾಗಿ ಬಿಟ್ಟಿದ್ದರೆ ಎರಡೂ ಒಂದಾಗಿಬಿಡುತ್ತವೆ. ಅಂಥ ಜಿಲ್ಲೆಗಳಿಗೆ ಓರೆಗೆರೆಗಳ ತುಂಬುವಿಕೆ ಬಳಸುವುದು ಭೂಪಟ ರಚನೆಯ ಹಳೆಯ ಉಪಾಯ.

ಕಣ್ಣಿನದೇ ಆದ ಇನ್ನೊಂದು ತೊಡಕೂ ಇದೆ. ಸುತ್ತ ಗಾಢವಾಗಿದ್ದರೆ ನಡುವಿನ ಬೂದು ತಿಳಿಯಾಗಿಯೂ, ಸುತ್ತ ತಿಳಿಯಾಗಿದ್ದರೆ ಅದೇ ಬೂದು ಗಾಢವಾಗಿಯೂ ತೋರುತ್ತದೆ. ನಕ್ಷೆಯ ಒಳಗಿನ ಜಿಲ್ಲೆಯನ್ನು ಬಿಳಿ ಅಂಚಿನಲ್ಲಿರುವ ಸೂಚಿಯ ಚೌಕದೊಡನೆ ಹೋಲಿಸುವಾಗ ಈ ಭ್ರಮೆ ಓದುಗರನ್ನು ಒಂದು ವರ್ಗದಷ್ಟು ತಪ್ಪಿಸಬಲ್ಲದು. ಸೂಚಿಯ ಚೌಕಗಳಿಗೆ 1ರಿಂದ 5ರ ವರೆಗೆ ಅಂಕಿ ಕೊಟ್ಟು, ಅದೇ ಅಂಕಿಯನ್ನು ಪ್ರತಿ ಜಿಲ್ಲೆಯ ಮೇಲೂ ಬರೆಯುವುದು ಇದಕ್ಕೆ ಖಚಿತವಾದ ಮದ್ದು. ಇದನ್ನು ಅಂದಗೆಡಿಸುವ ಕೆಲಸವೆಂದು ವಿನ್ಯಾಸಕಾರರು ಹಿಂಜರಿಯುವುದುಂಟು. ಆದರೆ ಓದಲಾಗದ ನಕ್ಷೆಯ ಅಂದಕ್ಕೆ ಬೆಲೆ ಕಡಿಮೆ.

ಅಂಕಿ ಬರೆಯುವಾಗ ಅಕ್ಷರದ ಬಣ್ಣವನ್ನೂ ನೋಡಬೇಕಾಗುತ್ತದೆ. ಅಕ್ಷರ ಮತ್ತು ಹಿನ್ನೆಲೆಗಳ ನಡುವೆ ಕನಿಷ್ಠ 4.5ಕ್ಕೆ 1ರ ಬೆಳಕಿನ ಅನುಪಾತವಿರಬೇಕೆಂದು ಅಂತರಜಾಲ ಪುಟಗಳ ಸುಲಭಗ್ರಾಹ್ಯತೆಯ ಮಾರ್ಗಸೂಚಿಯಾದ WCAG ಹೇಳುತ್ತದೆ. ಹಳದಿ–ಹಸಿರು–ನೀಲಿ ಶ್ರೇಣಿಯ ಮೊದಲ ಮೂರು ವರ್ಗಗಳ ಮೇಲೆ ಕಪ್ಪು ಅಂಕಿ ಚೆನ್ನಾಗಿ ಕಾಣುತ್ತದೆ, ಕೊನೆಯದರ ಮೇಲೆ ಬಿಳಿ. ತಕರಾರು ನಾಲ್ಕನೆಯದರದು. ಅದರ ಮೇಲೆ ಬಿಳಿ ಅಂಕಿಗೆ 4.3, ಕಪ್ಪಿಗೆ 4.8 ಅನುಪಾತ ಬರುತ್ತದೆ. ಕಪ್ಪು ಅಂಕಿ ಅಳತೆಯಲ್ಲಿ ತೇರ್ಗಡೆಯಾದರೂ ಜೆರಾಕ್ಸ್‌ನಲ್ಲಿ ಆ ನೀಲಿ ಇನ್ನಷ್ಟು ಗಾಢವಾಗುವುದರಿಂದ, ಅಂಕಿಯನ್ನು ದಪ್ಪವಾಗಿ ಬರೆದು ಸುತ್ತ ಸಣ್ಣ ಬಿಳಿ ಅಂಚು ಕೊಡುವುದು ವಾಡಿಕೆ.

## ಗ್ರಾಫ್‌ನ ರೇಖೆಗಳು

ಮಳೆಯ ನಕ್ಷೆಯಲ್ಲಿ ಹೆಚ್ಚು-ಕಡಿಮೆಯೆಂಬ ಕ್ರಮವಿದೆ. ತುಂಗಭದ್ರಾ, ಆಲಮಟ್ಟಿ, ಕೃಷ್ಣರಾಜಸಾಗರ ಜಲಾಶಯಗಳ ನೀರಿನ ಮಟ್ಟವನ್ನು ತಿಂಗಳುವಾರು ತೋರಿಸುವ ಗ್ರಾಫ್‌ನಲ್ಲಿ ಅಂಥ ಕ್ರಮವಿಲ್ಲ. ಅಲ್ಲಿ ಮೂರು ರೇಖೆಗಳು ಬೇರೆ ಬೇರೆ ಎಂದು ಗೊತ್ತಾದರೆ ಸಾಕು. ಇದಕ್ಕಾಗಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಜಪಾನಿನ ಮಸಾತಕ ಒಕಾಬೆ ಮತ್ತು ಕೇ ಇಟೊ ಎಂಬ ವಿಜ್ಞಾನಿಗಳು ಆಯ್ದುಕೊಟ್ಟ ಎಂಟು ಬಣ್ಣಗಳ ಗುಂಪು. ಅದರಲ್ಲಿ ಕಪ್ಪು, ಕಿತ್ತಳೆ, ಆಕಾಶನೀಲಿ, ನೀಲಿ ಬೆರೆತ ಹಸಿರು, ಹಳದಿ, ನೀಲಿ, ಸಿಂಧೂರ ಕೆಂಪು ಹಾಗೂ ಕೆನ್ನೇರಳೆ ಇವೆ. ಹಸಿರಿಗೆ ನೀಲಿಯನ್ನು ಬೆರೆಸಿ, ಕೆಂಪನ್ನು ಕಿತ್ತಳೆಯ ಕಡೆಗೆ ಸರಿಸಿದ್ದರಿಂದ ಕೆಂಪು-ಹಸಿರು ದೋಷವುಳ್ಳವರಿಗೂ ಈ ಎರಡು ಬೇರೆಯಾಗಿಯೇ ತೋರುತ್ತವೆ.

ಈ ಗುಂಪು ವರ್ಣಾಂಧರಿಗೆ ಸುರಕ್ಷಿತ ಎಂಬ ಮಾತನ್ನು ಜೆರಾಕ್ಸ್‌ಗೂ ಸುರಕ್ಷಿತ ಎಂದು ಓದಿಕೊಳ್ಳುವುದು ಸಾಮಾನ್ಯವಾದ ತಪ್ಪು. ಅದರ ಕಿತ್ತಳೆಯ (#e69f00) L* ಬೆಲೆ 71, ಆಕಾಶನೀಲಿಯ (#56b4e9) ಬೆಲೆ 70. ಬಣ್ಣದಲ್ಲಿ ಇವುಗಳನ್ನು ಯಾರೂ ಬೆರಸಿಕೊಳ್ಳಲಾರರು. ಕಪ್ಪು-ಬಿಳುಪಿನಲ್ಲಿ ಯಾರೂ ಬೇರ್ಪಡಿಸಲಾರರು. ಸಿಂಧೂರ ಕೆಂಪು 54, ನೀಲಿ ಬೆರೆತ ಹಸಿರು 58. ಇವುಗಳ ಸ್ಥಿತಿಯೂ ಬೇರೆಯಲ್ಲ. ವರ್ಣಾಂಧರಲ್ಲಿ ಬಹುತೇಕರಿಗೆ ಹಳದಿ-ನೀಲಿಯ ಅಕ್ಷ ಉಳಿದಿರುತ್ತದೆ, ಜೆರಾಕ್ಸ್ ಯಂತ್ರಕ್ಕೆ ಯಾವ ಅಕ್ಷವೂ ಇಲ್ಲ. ಎರಡು ಸಮಸ್ಯೆಗಳು ಬೇರೆಯಾಗುವುದು ಇಲ್ಲಿಯೇ.

ಆದ್ದರಿಂದ ರೇಖೆಗಳಿಗೆ ಬಣ್ಣದ ಜೊತೆ ಇನ್ನೊಂದು ಗುರುತು ಬೇಕಾಗುತ್ತದೆ. ಒಂದು ರೇಖೆ ಅಖಂಡ, ಇನ್ನೊಂದು ತುಂಡು ತುಂಡು, ಮತ್ತೊಂದು ಚುಕ್ಕೆಗಳದ್ದು ಎಂದು ಭೇದ ಮಾಡಬಹುದು. ಅದಕ್ಕಿಂತ ಒಳ್ಳೆಯದು, ರೇಖೆಯ ಬಲತುದಿಯಲ್ಲಿಯೇ ಜಲಾಶಯದ ಹೆಸರು ಬರೆಯುವುದು. ಆಗ ಮೂಲೆಯ ಸೂಚಿಗೂ ರೇಖೆಗೂ ನಡುವೆ ಕಣ್ಣನ್ನು ಓಡಿಸುವ ಶ್ರಮ ಬಣ್ಣ ಕಾಣುವವರಿಗೂ ತಪ್ಪುತ್ತದೆ. ರೇಖೆಗಳು ಆರೇಳು ಆದಾಗ ಈ ಉಪಾಯಗಳೂ ಸೋಲುತ್ತವೆ. ಒಂದು ಗ್ರಾಫ್ ಅನ್ನು ಎರಡಾಗಿ ಒಡೆಯಬೇಕಾಗುತ್ತದೆ.

## ಕಾಮನಬಿಲ್ಲಿನ ಶ್ರೇಣಿ

ನೀಲಿಯಿಂದ ಹಸಿರು, ಹಳದಿಗಳ ಮೂಲಕ ಕೆಂಪಿಗೆ ಹೋಗುವ ಕಾಮನಬಿಲ್ಲಿನ ಶ್ರೇಣಿ ವೈಜ್ಞಾನಿಕ ಚಿತ್ರಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ಇದರ ಎರಡು ತುದಿಗಳೂ ಗಾಢ, ನಡುಭಾಗ ತಿಳಿ. ಮಳೆಯ ನಕ್ಷೆಯ ಮೊದಲ ಶ್ರೇಣಿಗಿದ್ದ ದೋಷವೇ ಇದಕ್ಕೂ ಇದೆ. MATLAB ತಂತ್ರಾಂಶ 2014ರಲ್ಲಿ ಇದನ್ನು ಪೂರ್ವನಿಯೋಜಿತ ಸ್ಥಾನದಿಂದ ಕೈಬಿಟ್ಟಿತು. Matplotlib ತಂತ್ರಾಂಶಕ್ಕಾಗಿ ಸ್ಟೆಫಾನ್ ವ್ಯಾನ್ ಡೆರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ 2015ರಲ್ಲಿ `viridis` ಎಂಬ ಶ್ರೇಣಿಯನ್ನು ರೂಪಿಸಿದರು. ಅದು ಗಾಢ ನೇರಳೆಯಿಂದ ಹಳದಿಯವರೆಗೆ ಒಂದೇ ಸಮನೆ ಬೆಳಗುತ್ತಾ ಹೋಗುತ್ತದೆ. ಬಿಳಿ ಕಾಗದದ ಮೇಲೆ ಮುದ್ರಿಸುವಾಗ ಅದನ್ನು ತಿರುಗಿಸಿ (`viridis_r`) ಬಳಸುವುದು ಒಳಿತು, ಏಕೆಂದರೆ ಕಾಗದದ ಮೇಲೆ ಗಾಢವಾದದ್ದನ್ನೇ ಓದುಗರು 'ಹೆಚ್ಚು' ಎಂದು ಗ್ರಹಿಸುತ್ತಾರೆ.

## ಪರೀಕ್ಷೆ

ಭೂಪಟ ರಚನೆಯ ಉಚಿತ ತಂತ್ರಾಂಶವಾದ QGISನಲ್ಲಿ `View` ಪಟ್ಟಿಯ `Preview Mode` ಅಡಿಯಲ್ಲಿ ಬೂದುಬಣ್ಣದ ನೋಟವನ್ನೂ ವರ್ಣಾಂಧತೆಯ ನೋಟವನ್ನೂ ನೇರವಾಗಿ ಪಡೆಯಬಹುದು. ಚಿತ್ರ ಈಗಾಗಲೇ ಸಿದ್ಧವಾಗಿದ್ದರೆ GIMPನಲ್ಲಿ ತೆರೆದು `Colors` ಪಟ್ಟಿಯ `Desaturate` ಆಯ್ಕೆಯಿಂದ ಬಣ್ಣ ತೆಗೆಯಬಹುದು. ಅಲ್ಲಿ ಕೇಳುವ ವಿಧಾನಗಳಲ್ಲಿ `Luminance` ಎಂಬುದನ್ನೇ ಆರಿಸಬೇಕು. `Lightness (HSL)` ಆರಿಸಿದರೆ ಹಿಂದೆ ಹೇಳಿದ ಹಳದಿ-ನೀಲಿಯ ತಪ್ಪು ಮರುಕಳಿಸುತ್ತದೆ.

ವರ್ಣಾಂಧತೆಯನ್ನು ಅನುಕರಿಸುವ ಸಾಧನಗಳು ಸಾಮಾನ್ಯವಾಗಿ ತೀವ್ರ ರೂಪವನ್ನು ತೋರಿಸುತ್ತವೆ. ಅದರಲ್ಲಿ ತೇರ್ಗಡೆಯಾದ ಶ್ರೇಣಿ ಸೌಮ್ಯ ರೂಪದವರಿಗೂ ಹೊಂದುತ್ತದೆಯೆಂದು ಭಾವಿಸಬಹುದು. ಆದರೂ ಬಣ್ಣದ ದೋಷವುಳ್ಳ ಒಬ್ಬರ ಕೈಗೆ ನಕ್ಷೆಯನ್ನು ಕೊಟ್ಟು ನೋಡುವುದಕ್ಕೆ ಬದಲಿಯಿಲ್ಲ. ಅವರನ್ನು 'ಚೆನ್ನಾಗಿ ಕಾಣುತ್ತದೆಯೇ' ಎಂದು ಕೇಳಿದರೆ ಪ್ರಯೋಜನವಿಲ್ಲ. ತಮಗೆ ಕಾಣದ ಭೇದ ಅಲ್ಲಿದೆಯೆಂದು ಅವರಿಗೆ ತಿಳಿಯುವ ದಾರಿ ಇಲ್ಲ. 'ಬಾಗಲಕೋಟೆಗಿಂತ ಹೆಚ್ಚು ಮಳೆಯಾಗುವ ಎರಡು ಜಿಲ್ಲೆಗಳನ್ನು ತೋರಿಸಿ' ಎಂದು ಕೇಳಬೇಕು. ಕಾಗದದ ಪರೀಕ್ಷೆಯೂ ಹೀಗೆಯೇ. ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ಅದರ ಜೆರಾಕ್ಸ್ ತೆಗೆದು, ಆ ಜೆರಾಕ್ಸ್‌ನ ಇನ್ನೊಂದು ಜೆರಾಕ್ಸ್ ತೆಗೆದು ಅದರ ಮೇಲೆ ಇದೇ ಪ್ರಶ್ನೆಯನ್ನು ಕೇಳಬೇಕು.

## ಮಿತಿಗಳು

ವಾಡಿಕೆಯ ಮಳೆಗಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂದು ತೋರಿಸುವ ನಕ್ಷೆಗೆ ನಡುವೆ ಸೊನ್ನೆಯಿದ್ದು ಎರಡೂ ಕಡೆಗೆ ಗಾಢವಾಗುವ ಶ್ರೇಣಿ ಬೇಕು. ಕೆಂಪು-ಹಸಿರಿನ ಬದಲು ಕಂದು-ನೀಲಿಹಸಿರು ಅಥವಾ ಕಿತ್ತಳೆ-ನೇರಳೆ ಬಳಸಿದರೆ ವರ್ಣಾಂಧರ ಸಮಸ್ಯೆ ತೀರುತ್ತದೆ. ಕಪ್ಪು-ಬಿಳುಪಿನಲ್ಲಿ ಮಾತ್ರ ಕೊರತೆಯ ಗಾಢ ಬೂದಿಯೂ ಅಧಿಕ್ಯದ ಗಾಢ ಬೂದಿಯೂ ಒಂದೇ ಆಗುವುದು ಅನಿವಾರ್ಯ. ಇದನ್ನು ಯಾವ ಬಣ್ಣದ ಆಯ್ಕೆಯೂ ಸರಿಪಡಿಸಲಾರದು. ಕೊರತೆಯ ಜಿಲ್ಲೆಗಳಿಗೆ ಓರೆಗೆರೆ ಹಾಕುವುದು, ಇಲ್ಲವೇ ಪ್ರತಿ ಜಿಲ್ಲೆಯ ಮೇಲೆ + ಅಥವಾ − ಚಿಹ್ನೆಯೊಡನೆ ಶೇಕಡಾವಾರು ಬರೆಯುವುದು ಇಲ್ಲಿ ಉಳಿಯುವ ಮಾರ್ಗ.

ಮಣ್ಣಿನ ಬಗೆ, ಭೂಬಳಕೆ ಮುಂತಾದ ನಕ್ಷೆಗಳಲ್ಲಿ ಕ್ರಮವಿಲ್ಲದ ಹತ್ತಾರು ವರ್ಗಗಳು ಇರುತ್ತವೆ. ಕಾಗದದ ಮೇಲೆ ನಂಬಿಕೆಯಿಂದ ಗುರುತಿಸಬಹುದಾದ ಬೂದಿಗಳು ಐದರ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ ಅಂಥ ನಕ್ಷೆಗಳಲ್ಲಿ ಬಣ್ಣವನ್ನು ಅಲಂಕಾರಕ್ಕೆ ಬಿಟ್ಟು, ಪ್ರತಿ ವಲಯದೊಳಗೆ ಅಕ್ಷರ ಸಂಕೇತ ಬರೆಯುವುದೇ ಪದ್ಧತಿ. ಭೂವೈಜ್ಞಾನಿಕ ನಕ್ಷೆಗಳಲ್ಲಿ ಶಿಲಾವಲಯಗಳ ಮೇಲೆ ಕಾಣುವ ಸಣ್ಣ ಸಣ್ಣ ಅಕ್ಷರಗಳು ಈ ಕೆಲಸವನ್ನೇ ಮಾಡುತ್ತವೆ.